ಅಜ್ಜಿಯ ಪ್ರಯಾಣಕ್ಕೊಂದು ದಪ್ಪಕ್ಷರದ ಪಟ್ಟಿ

ಕಾಶಿಗೆ ಹೊರಟ ಅಜ್ಜಿಗೆ ಮೊಮ್ಮಕ್ಕಳು ಸಾಮಾನಿನ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡುವುದುಂಟು. ಆದರೆ ಎಷ್ಟು ದೊಡ್ಡದು? ಇಂಗ್ಲಿಷ್‌ನ ದೊಡ್ಡಕ್ಷರದ ಪುಸ್ತಕಗಳಿಗೆ ಸಾಮಾನ್ಯವಾಗಿ 18 ಪಾಯಿಂಟ್ ಸಾಕು. ಕನ್ನಡಕ್ಕೆ ಅದು ಸಾಲದು. ನಮ್ಮ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುತ್ತದೆ. ದ-ಧ, ಬ-ಭಗಳ ನಡುವಿನ ವ್ಯತ್ಯಾಸವಂತೂ ಒಂದು ಸಣ್ಣ ಗೀಟು. ನನ್ನ ಲೆಕ್ಕದಲ್ಲಿ 28 ಪಾಯಿಂಟಿನಿಂದ ಶುರು ಮಾಡಬೇಕು. ಒತ್ತು ಕೆಳಗಿನ ಸಾಲಿಗೆ ತಾಗದಷ್ಟು ಜಾಗ ಬಿಡಬೇಕು. ಒಂದು ಎ4 ಹಾಳೆಗೆ ಏಳೆಂಟು ಸಾಮಾನಿಗಿಂತ ಹೆಚ್ಚು ಬೇಡ.

ಹಾಳೆ ಹಾಳಾಗದಿರಲೆಂದು ಪ್ಲಾಸ್ಟಿಕ್ ಹಾಕಿಸಿದರೆ ಕೆಲಸ ಕೆಟ್ಟಿತು. ಕಣ್ಣಿನ ಪೊರೆ ಇರುವವರಿಗೆ ದೀಪದ ಬೆಳಕು ಅದರ ಮೇಲೆ ಝಳಪಿಸಿ ಅಕ್ಷರವೇ ಮಾಯವಾಗುತ್ತದೆ. ಹೊಳಪಿಲ್ಲದ ತಿಳಿಹಳದಿ ಕಾಗದ, ಅದರ ಮೇಲೆ ಕಪ್ಪು ದಪ್ಪಕ್ಷರ ವಾಸಿ.

ಸಾಮಾನುಗಳನ್ನು ಬಟ್ಟೆ, ಔಷಧಿ ಎಂದು ವಿಂಗಡಿಸುವುದಕ್ಕಿಂತ ಮನೆಯಲ್ಲಿ ಅವು ಇರುವ ಜಾಗದ ಪ್ರಕಾರ ಬರೆಯಿರಿ: ಬೀರುವಿಗೆ ಒಂದು ಹಾಳೆ, ಬಚ್ಚಲುಮನೆಗೆ ಒಂದು, ದೇವರ ಮನೆಗೆ ಒಂದು. ಅಜ್ಜಿ ಒಂದು ಕಡೆ ನಿಂತು ಅಲ್ಲಿಯದನ್ನೆಲ್ಲ ಮುಗಿಸಬಹುದು. ಪೆನ್ನಿನ ಗುರುತು ಅವರಿಗೆ ಕಾಣುವುದಿಲ್ಲ. ಅದರ ಬದಲು ಹಾಳೆಯನ್ನು ರಟ್ಟಿಗೆ ಅಂಟಿಸಿ, ಪ್ರತಿ ಸಾಲಿನ ಅಂಚಿಗೂ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ. ಒಂದು ಸಾಮಾನು ಚೀಲ ಸೇರಿತೆಂದರೆ ಒಂದು ಕ್ಲಿಪ್ಪು ಕೆಳಗೆ. ಉಳಿದದ್ದು ಬೆರಳಿಗೇ ತಿಳಿಯುತ್ತದೆ.

ಎಡವಟ್ಟಾಗುವುದು ಕನ್ನಡಕ, ಹಲ್ಲುಸೆಟ್ಟು, ರಾತ್ರಿ ಹಾಕುವ ಕಣ್ಣಿನ ಹನಿಗಳಲ್ಲಿ. ಹಿಂದಿನ ದಿನವೇ ಚೀಲಕ್ಕೆ ಹಾಕಿ, ಕ್ಲಿಪ್ಪು ತೆಗೆದು, ಮಲಗುವ ಮುಂಚೆ ಮತ್ತೆ ಹೊರತೆಗೆದಿರುತ್ತಾರೆ. ಇವಕ್ಕೆ ‘ಹೊರಡುವ ಬೆಳಿಗ್ಗೆ’ ಎಂಬ ಬೇರೆ ಹಾಳೆಯೇ ಇರಲಿ. ಹನಿಯ ಬಾಟಲಿಗಳು ಒಂದೇ ತರಹ ಇದ್ದರೆ ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು ರಬ್ಬರ್‌ಬ್ಯಾಂಡ್ ಸುತ್ತಿ.

ಓದಲು ಆಗದವರಿಗೆ ಮೊಬೈಲಿನಲ್ಲಿ ದನಿ ಮುದ್ರಿಸಿಕೊಡಿ. ಒಂದು ಜಾಗಕ್ಕೆ ಒಂದು ತುಣುಕು, ಅದರಲ್ಲಿ ಮೂರು ನಾಲ್ಕು ಸಾಮಾನು ಮಾತ್ರ. ಹೆಚ್ಚಾದರೆ ಮೊದಲನೆಯದು ಮರೆತುಹೋಗುತ್ತದೆ. ಜಾಗದ ಹೆಸರು ಮೊದಲು: “ಬಚ್ಚಲುಮನೆ. ಸೋಪಿನ ಡಬ್ಬಿ. ಬ್ರಷ್ಷು. ಟವೆಲ್ಲು. ಇನ್ನೊಂದ್ಸಲ ಹೇಳ್ತೀನಿ, ಅಜ್ಜಿ.” ವಾಟ್ಸ್‌ಆ್ಯಪಿನಲ್ಲಿ ಸಾಲಾಗಿ ಕಳಿಸಿದ ದನಿಗಳು ಒಂದರ ಹಿಂದೊಂದು ತಾವೇ ಓಡುತ್ತವೆ. ಆದ್ದರಿಂದ ಕೊನೆಗೆ “ಈಗ ನಿಲ್ಸಿ” ಎಂದು ಹೇಳಿ, ಗುಂಡಿ ಒತ್ತುವಷ್ಟು ಹೊತ್ತು ಸುಮ್ಮನಿರಿ.

“ಕಾಣ್ಸತ್ತಾ ಅಜ್ಜಿ?” ಎಂದು ಕೇಳಿದರೆ “ಹೂಂ, ಕಾಣ್ಸತ್ತೆ ಬಿಡು” ಎಂದೇ ಉತ್ತರ ಬರುತ್ತದೆ. ಗಟ್ಟಿಯಾಗಿ ಓದಿಸಿದರೂ ಅರ್ಧ ಊಹೆ; ಊರಿಗೆ ಏನು ಒಯ್ಯಬೇಕೆಂಬುದು ಅವರಿಗೆ ಗೊತ್ತಿದ್ದದ್ದೇ ತಾನೆ. ಅದಕ್ಕೇ ನಡುವೆ ಎಲ್ಲೋ ‘ಕುಂಬಳಕಾಯಿ’ ಎಂದು ಸೇರಿಸಿ, ಸಂಜೆ ಮನೆಯ ದೀಪದಲ್ಲಿ ಓದಿಸಿ. ಅಲ್ಲಿ ತಡೆದು ನಕ್ಕರೆ ಅಕ್ಷರದ ಗಾತ್ರ ಸರಿಯಿದೆ. ಗಮನಿಸದೆ ಮುಂದೆ ಹೋದರೆ 36 ಪಾಯಿಂಟಿಗೆ ಏರಿಸಿ ಇನ್ನೊಮ್ಮೆ ಮುದ್ರಿಸಿ.