ಬೊಟೀಕ್‌ನಲ್ಲಿ ನಿಮ್ಮ ಸೋಪು: ಡಿಸ್ಕೌಂಟ್ ಯಾರ ತಲೆಗೆ?

"ಸೋಪು ಇಟ್ಟು ಹೋಗಿ. ಮಾರಾಟವಾದ ಮೇಲೆ ನಮ್ಮ ಕಮಿಷನ್ ಮುರಿದುಕೊಂಡು ಉಳಿದದ್ದು ಕೊಡ್ತೀವಿ." ಮನೆಯಲ್ಲಿ ಸೋಪು ಮಾಡುವವರಿಗೆ ಬೊಟೀಕ್‌ನವರು ಹೇಳುವ ಈ ಏರ್ಪಾಡೇ ಕನ್ಸೈನ್‌ಮೆಂಟ್. ಗಿರಾಕಿ ಕೊಳ್ಳುವ ತನಕ ಸೋಪು ಮಾಡಿದವರದ್ದೇ. ಅಂಗಡಿಯವರು ಸರಕಿಗೆ ದುಡ್ಡು ಹಾಕಿರುವುದಿಲ್ಲ, ಜಾಗ ಮತ್ತು ಗಿರಾಕಿಯನ್ನು ಕೊಡುತ್ತಾರೆ.

ಕಮಿಷನ್ ಶೇ. 30ರಿಂದ 40 ಕೇಳುವುದು ಸಾಮಾನ್ಯ. ಚೌಕಾಸಿಯೆಲ್ಲ ಈ ಅಂಕಿಯ ಮೇಲೆಯೇ ನಡೆಯುತ್ತದೆ. ಆದರೆ ಲಾಭ ಸೋರಿಹೋಗುವುದು ಡಿಸ್ಕೌಂಟ್‌ನಲ್ಲಿ.

ಒಂದು ಲೆಕ್ಕ ಹಾಕೋಣ. ಸೋಪಿನ ಎಂಆರ್‌ಪಿ 180 ರೂಪಾಯಿ, ಕಮಿಷನ್ ಶೇ. 35. ಅಂಗಡಿಗೆ 63, ನಿಮಗೆ 117. ಎಣ್ಣೆ, ಸುಗಂಧ, ಪೊಟ್ಟಣ, ಕೂಲಿ ಸೇರಿ ನಿಮಗೆ ಬಿದ್ದ ಖರ್ಚು 70 ಎಂದಿಟ್ಟುಕೊಂಡರೆ ಉಳಿಯುವುದು 47. ದೀಪಾವಳಿಗೆ ಅಂಗಡಿಯವರು ಶೇ. 20 ಡಿಸ್ಕೌಂಟ್ ಹಾಕಿ ಅದನ್ನು 144ಕ್ಕೆ ಮಾರುತ್ತಾರೆ. ಕಮಿಷನ್ ಎಂಆರ್‌ಪಿ ಮೇಲೆ ಎಂದು ಬರೆದಿದ್ದರೆ ಅವರ 63 ಅಲುಗದು, ನಿಮಗೆ ಬರುವುದು 81, ಲಾಭ ಬರೀ 11. ಮಾರಿದ ಬೆಲೆಯ ಮೇಲೆ ಎಂದಿದ್ದರೆ ನಿಮಗೆ 93.60, ಲಾಭ 23.60. ಡಿಸ್ಕೌಂಟ್ ಪೂರ್ತಿ ಅಂಗಡಿಯದೇ ಎಂದಿದ್ದರೆ ನಿಮಗೆ ಅದೇ 117. ಆದ್ದರಿಂದ "ನಿಮ್ಮನ್ನು ಕೇಳದೆ ಬೆಲೆ ಇಳಿಸುವುದಿಲ್ಲ, ಇಳಿಸಿದರೆ ನಮ್ಮ ಪಾಲಿನಿಂದ" ಎಂಬ ಮಾತು ಶೇಕಡಾ ಎರಡು-ಮೂರರ ಚೌಕಾಸಿಗಿಂತ ಬೆಲೆಯುಳ್ಳದ್ದು.

ಎರಡನೆಯದು ಎಣಿಕೆ. ಕೊಟ್ಟ 40 ಸೋಪಿನಲ್ಲಿ 26 ಮಾರಾಟ, 9 ಉಳಿಕೆ, 3 ಟೆಸ್ಟರ್ ಆದರೆ ಉಳಿದ 2 ಎಲ್ಲಿ? ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ, ತನ್ನ ಬಳಿ ಇಟ್ಟ ವಸ್ತುವನ್ನು ಸ್ವಂತದ್ದರಂತೆ ಜೋಪಾನ ಮಾಡಿದವನು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಳೆದುದಕ್ಕೆ ಹೊಣೆಯಲ್ಲ. ಕಳುವಾದದ್ದಕ್ಕೂ 117 ಕೊಡಬೇಕೆಂದು ಮೊದಲೇ ಬರೆಸಿಕೊಳ್ಳುವುದು ಅದಕ್ಕಾಗಿ. ಟೆಸ್ಟರ್‌ಗಳ ಸಂಖ್ಯೆಯನ್ನೂ ಡೆಲಿವರಿ ಚಲನ್‌ನಲ್ಲೇ ನಮೂದಿಸಿ, ಸಹಿ ಹಾಕಿಸಿ.

ಸೋಪಿಗೆ ಬಟ್ಟೆ, ಬಳೆಗಿಲ್ಲದ ತೊಡಕೊಂದಿದೆ: ಅದು ಕಪಾಟಿನಲ್ಲೇ ಮಾಗುತ್ತದೆ. ನೀರಿನಂಶ ಆರಿ ತೂಕ ಇಳಿಯುತ್ತದೆ, ಪರಿಮಳ ಮಂಕಾಗುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಎಣ್ಣೆ ಬೇಗ ಕೆಡುತ್ತದೆ. ಕಿತ್ತಳೆ ಬಣ್ಣದ ಚುಕ್ಕೆ, ಕಮಟು ವಾಸನೆ ಬಂದರೆ ಅದನ್ನು ಮಾರುವಂತಿಲ್ಲ. ಹೀಗಾಗಿ ಅವಧಿ ಮೂರು ತಿಂಗಳಿಗೆ ಮುಗಿಯಲಿ, ಉಳಿಕೆಯನ್ನು ಬ್ಯಾಚ್ ಸಂಖ್ಯೆ ನೋಡಿ ವಾಪಸು ತನ್ನಿ. ಕಿಟಕಿಯಲ್ಲಿಟ್ಟು ಕೆಟ್ಟದ್ದು ಅಂಗಡಿಯ ಲೆಕ್ಕ, ತಯಾರಿಕೆಯಲ್ಲೇ ಕೆಟ್ಟದ್ದು ನಿಮ್ಮದು.

ಇನ್ನು ಹಣ. "ಮಾರಿದ ಮೇಲೆ" ಎಂಬುದಕ್ಕೆ ತಾರೀಖಿಲ್ಲ. ಪ್ರತಿ ತಿಂಗಳ 7ರೊಳಗೆ ಮಾರಾಟದ ಪಟ್ಟಿ ಮತ್ತು ಹಣ ಎರಡೂ ಬರಬೇಕೆಂದು ಬರೆಸಿ. ಹಿಂದಿನ ಪಟ್ಟಿ ಕೈಗೆ ಸಿಗುವ ತನಕ ಮುಂದಿನ ಪೆಟ್ಟಿಗೆ ಕಳಿಸಬೇಡಿ.