ಮಾತ್ರೆ ಹಾಳೆಯ ಹಿಂಬದಿಯಲ್ಲಿ ಏನಿದೆ?

ನಕಲಿ ಔಷಧವನ್ನು ಗುರುತಿಸುವುದು ಹೇಗೆಂದು ನಾಲ್ಕು ಮಾತು ಹೇಳಲು ನಮ್ಮೂರ ಸ್ತ್ರೀಶಕ್ತಿ ಸಂಘದವರು ನನ್ನನ್ನು ಕರೆದಿದ್ದರು. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಂದಿಗೆ ತಾಳೆ ನೋಡಿದವನು ನಾನು. ಇಲ್ಲಿಯೂ ಬೇಕಾದದ್ದು ಆ ತಾಳೆಯೇ.

ಮಾತ್ರೆ ಹಾಳೆಯ ಒಂದು ತುದಿಯಲ್ಲಿ ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಇರುತ್ತವೆ. ಹಲವು ಹಾಳೆಗಳಲ್ಲಿ ಅವನ್ನು ಶಾಯಿಯಿಲ್ಲದೆ ಒತ್ತಿರುತ್ತಾರೆ. ನಮ್ಮಂಥ ಅಜ್ಜ ಅಜ್ಜಿಯರ ಕಣ್ಣಿಗೆ ಕಾಣುವುದಿಲ್ಲ. ಕಿಟಕಿಯ ಬಳಿ ಬೆಳಕು ಓರೆಯಾಗಿ ಬೀಳುವಂತೆ ಹಾಳೆಯನ್ನು ಹಿಡಿದು, ಫ್ಲ್ಯಾಶ್ ಆರಿಸಿ, ಮೊಮ್ಮಕ್ಕಳಿಂದ ಫೋಟೊ ತೆಗೆಸಿ. ಹಿಗ್ಗಿಸಿದರೆ ಅಂಕೆಗಳು ಎದ್ದು ಕಾಣುತ್ತವೆ. ಮಾತ್ರೆಗಳನ್ನು ಇನ್ನೊಂದು ತುದಿಯಿಂದ ತೆಗೆಯುತ್ತ ಬಂದರೆ ಈ ಬರಹ ಕೊನೆಯವರೆಗೂ ಉಳಿಯುತ್ತದೆ.

ಅಂಗಡಿಯ ರಸೀದಿಯಲ್ಲಿಯೂ ಬ್ಯಾಚ್ ಸಂಖ್ಯೆ ಇರಬೇಕು. ಅದರ ಫೋಟೊ ತೆಗೆದು ಎರಡನ್ನೂ ಹೋಲಿಸಿ. ಜೊತೆಗೆ, ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಔಷಧಗಳು 2023ರ ಆಗಸ್ಟ್ 1ರ ನಂತರ ತಯಾರಾಗಿದ್ದರೆ, ಹಾಳೆಯ ಮೇಲೆ ಅಥವಾ ಡಬ್ಬಿಯ ಮೇಲೆ ಕ್ಯುಆರ್ ಕೋಡ್ ಇರಬೇಕೆಂಬ ನಿಯಮವಿದೆ. ಫೋನಿನಿಂದ ಸ್ಕ್ಯಾನ್ ಮಾಡಿದರೆ ಔಷಧದ ಹೆಸರು, ತಯಾರಕರು, ಬ್ಯಾಚ್, ದಿನಾಂಕಗಳು ಕಾಣಬೇಕು. ಹಣವನ್ನೋ ಒಟಿಪಿಯನ್ನೋ ಕೇಳಿದರೆ ತಕ್ಷಣ ಮುಚ್ಚಿಬಿಡಿ.

ಒಂದು ಉದಾಹರಣೆ ನೋಡೋಣ. ಹಾಳೆಯ ಮೇಲೆ ಅವಧಿ ‘8/2027’ ಎಂದಿದೆ. ಕೋಡಿನಲ್ಲಿ ‘8/2025’ ಎಂದು ಬರುತ್ತಿದೆ. ಫೋಟೊ ಹಿಗ್ಗಿಸಿದರೆ 7ರ ಸುತ್ತ ಉಜ್ಜಿದ ಗುರುತು ಕಾಣುತ್ತಿದೆ. ಅವಧಿ ಮೀರಿದ ಮಾಲಿಗೆ ಹೊಸ ದಿನಾಂಕ ಹಾಕಿರಬಹುದು. ಆ ಮಾತ್ರೆ ನುಂಗಬೇಡಿ. ರಸೀದಿಯ ಬ್ಯಾಚ್ ಮಾತ್ರ ಬೇರೆಯಾಗಿದ್ದರೆ ಬರೆದವರ ಕೈತಪ್ಪೂ ಇರಬಹುದು. ಮೊದಲು ಅಂಗಡಿಯವರನ್ನೇ ಕೇಳಿ.

“ಎಲ್ಲ ತಾಳೆಯಾದರೆ ಅಸಲಿಯೇ, ಸಾರ್?” ಎಂದು ಒಬ್ಬ ತಾಯಿ ಕೇಳಿದರು. ಇಲ್ಲಮ್ಮ, ಕೋಡನ್ನೂ ನಕಲು ಮಾಡಬಹುದು. ಮಾತ್ರೆಯೊಳಗೆ ಏನಿದೆ ಎಂಬುದನ್ನು ಪ್ರಯೋಗಾಲಯ ಮಾತ್ರ ಹೇಳಬಲ್ಲದು.

ಮುಖದ ಕ್ರೀಮಿನ ಡಬ್ಬಿಯನ್ನೂ ಹೀಗೇ ಓದಿ. ತಯಾರಕರ ವಿಳಾಸ, ಬ್ಯಾಚ್, ಲೈಸೆನ್ಸ್ ಸಂಖ್ಯೆ ಇರಬೇಕು. ವಿದೇಶದ್ದಾದರೆ ಆಮದುದಾರರ ಹೆಸರು ಮತ್ತು ನೋಂದಣಿ ಸಂಖ್ಯೆ. ಇವಿಲ್ಲದೆ, ವಾರದಲ್ಲಿ ಬೆಳ್ಳಗಾಗಿಸುತ್ತೇವೆ ಎನ್ನುವ ಕ್ರೀಮಿನಲ್ಲಿ ಪಾದರಸ ಇರಬಹುದು. ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದ್ದ ಹಲವರಿಗೆ ಹಾಗಾದದ್ದನ್ನು ವೈದ್ಯರು ಪತ್ತೆಹಚ್ಚಿದ್ದರು.

ಸಂಶಯ ಬಂದರೆ ವಸ್ತುವನ್ನು ಎಸೆಯಬೇಡಿ. ಹಾಳೆ, ಡಬ್ಬಿ, ರಸೀದಿ, ಫೋಟೊಗಳನ್ನು ಒಟ್ಟಿಗೆ ಇಟ್ಟು ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಕೊಡಿ. ನಿತ್ಯದ ಬಿ.ಪಿ., ಸಕ್ಕರೆ ಮಾತ್ರೆಯಾದರೆ ನಿಲ್ಲಿಸಿ ಸುಮ್ಮನಿರದೆ, ಅಂದೇ ವೈದ್ಯರನ್ನು ಕೇಳಿ ಬೇರೆ ಅಂಗಡಿಯಿಂದ ತರಿಸಿಕೊಳ್ಳಿ.