ಉಮ್ಮನ ಔಷಧದ ಚೀಲ: ಫಾರ್ಮಸಿಸ್ಟರ ಮುಂದೆ ಇಡಬೇಕಾದ ಪಟ್ಟಿ

ನಮ್ಮ ಮನೆಗಳಲ್ಲಿ ಹಿರಿಯರ ಹಾಸಿಗೆಯ ಪಕ್ಕ ಒಂದು ಡಬ್ಬಿ ಇರುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆಗಳು ಅದರಲ್ಲಿವೆ. ಅದರ ಹಿಂದೆ ಕಪಾಟಿನಲ್ಲಿ ಬೇರೆಯೇ ಒಂದು ಸಾಲು ಇರುತ್ತದೆ. ಮಗ ಗಲ್ಫ್‌ನಿಂದ ತಂದ ವಿಟಮಿನ್ ಬಾಟಲಿ, ಮೂಳೆ ಗಟ್ಟಿಯಾಗಲೆಂದು ಮಗಳು ಕೊಡಿಸಿದ ಕ್ಯಾಲ್ಸಿಯಂ, ನೆರೆಮನೆಯವರು ಹೇಳಿದ ಅರಿಶಿನದ ಕ್ಯಾಪ್ಸೂಲ್, ಕರಿಜೀರಿಗೆ ಎಣ್ಣೆ. ಡಾಕ್ಟರ್ ‘ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ?’ ಎಂದು ಕೇಳಿದಾಗ ನಾವು ಡಬ್ಬಿಯನ್ನು ತೋರಿಸುತ್ತೇವೆ, ಕಪಾಟಿನ ಸಾಲನ್ನು ತೋರಿಸುವುದಿಲ್ಲ. ಅವು ಔಷಧವಲ್ಲ, ಬರೀ ಶಕ್ತಿಗೆ ಎಂಬುದು ನಮ್ಮ ಎಣಿಕೆ.

ಆ ಎಣಿಕೆಯಿಂದ ಏನಾಗಬಹುದು ಎಂಬುದನ್ನು ಒಂದು ಮನೆಯ ಉದಾಹರಣೆಯಿಂದ ನೋಡೋಣ.

ಹೆಚ್ಚಾದ ಡೋಸ್, ತಪ್ಪಿದ ಕಾರಣ

72 ವರ್ಷದ ಒಬ್ಬ ತಾಯಿ ಇದ್ದಾರೆ ಎಂದುಕೊಳ್ಳಿ. ಅವರಿಗೆ ಥೈರಾಯ್ಡ್‌ಗೆ 75 ಮೈಕ್ರೋಗ್ರಾಂ ಥೈರಾಕ್ಸಿನ್, ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಬಿ.ಪಿ.ಗೆ ಟೆಲ್ಮಿಸಾರ್ಟಾನ್, ಹೃದಯಕ್ಕೆ ಆಸ್ಪಿರಿನ್ ಮತ್ತು ಅಟೊರ್ವಾಸ್ಟಾಟಿನ್ ಇವೆ. ಇವು ಆರೂ ವೈದ್ಯರು ಬರೆದವು. ಹಲವು ವರ್ಷ ಅವರ ಥೈರಾಯ್ಡ್ ಸರಿಯಾಗಿಯೇ ಇತ್ತು. ಈ ಸಲ ರಕ್ತ ಪರೀಕ್ಷೆಯಲ್ಲಿ ಟಿ.ಎಸ್.ಎಚ್. 9 ಬಂದಿದೆ. ಥೈರಾಯ್ಡ್ ಹಾರ್ಮೋನು ದೇಹಕ್ಕೆ ಸಾಲುತ್ತಿಲ್ಲ ಎಂದು ಅದರ ಅರ್ಥ. ವೈದ್ಯರು ಡೋಸನ್ನು 100ಕ್ಕೆ ಏರಿಸಿದರು. ಅವರ ಕೈಯಲ್ಲಿದ್ದ ಚೀಟಿಯ ಪ್ರಕಾರ ಆ ನಿರ್ಧಾರದಲ್ಲಿ ತಪ್ಪಿಲ್ಲ.

ಚೀಟಿಯಲ್ಲಿ ಇಲ್ಲದ್ದನ್ನು ಕೇಳಿದವರು ಫಾರ್ಮಸಿಸ್ಟ್.

‘ಅಮ್ಮಾ, ಥೈರಾಯ್ಡ್ ಮಾತ್ರೆ ಯಾವಾಗ ತೆಗೆದುಕೊಳ್ಳುತ್ತೀರಿ?’

‘ಫಜ್ರ್ ನಮಾಝ್ ಆದ ಕೂಡಲೇ ಮಗಾ, ಖಾಲಿ ಹೊಟ್ಟೆಯಲ್ಲಿ.’

‘ಅದರ ಜೊತೆ ಬೇರೆ ಏನಾದರೂ?’

‘ಮಗಳು ಕೊಡಿಸಿದ ಕ್ಯಾಲ್ಸಿಯಂ ಮಾತ್ರೆಯನ್ನೂ ಆಗಲೇ ನುಂಗಿಬಿಡುತ್ತೇನೆ. ಆಮೇಲೆ ಮರೆತುಹೋಗುತ್ತದಲ್ಲ.’

ಕಾರಣ ಅಲ್ಲಿತ್ತು. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಥೈರಾಕ್ಸಿನ್ನಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಔಷಧ ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ತಾಯಿ ದಿನವೂ ತಪ್ಪದೆ 75 ನುಂಗುತ್ತಿದ್ದರೂ ದೇಹಕ್ಕೆ ಸಿಕ್ಕಿದ್ದು ಅದಕ್ಕಿಂತ ಕಡಿಮೆ. ಕಬ್ಬಿಣದ ಮಾತ್ರೆ ಮತ್ತು ಕೆಲವು ಅಸಿಡಿಟಿ ಔಷಧಗಳೂ ಹೀಗೆಯೇ ಮಾಡುತ್ತವೆ. ಇದಕ್ಕೆ ಪರಿಹಾರ ಸುಲಭ. ಥೈರಾಕ್ಸಿನ್ ಮತ್ತು ಕ್ಯಾಲ್ಸಿಯಂ ನಡುವೆ ಕನಿಷ್ಠ 4 ಗಂಟೆ ಅಂತರ ಇರಬೇಕು. ಫಜ್ರ್ ಬಳಿಕ ಥೈರಾಕ್ಸಿನ್, ಅರ್ಧದಿಂದ ಒಂದು ಗಂಟೆ ಬಿಟ್ಟು ಚಹಾ ಮತ್ತು ನಾಷ್ಟಾ, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ. ಸಾಮಾನ್ಯವಾಗಿ ಸಿಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆಗೇ ಚೆನ್ನಾಗಿ ಹೀರಲ್ಪಡುತ್ತದೆ. ರಮಝಾನಿನಲ್ಲಿ ಉಪವಾಸ ಹಿಡಿಯಲು ವೈದ್ಯರು ಒಪ್ಪಿದವರು ಕ್ಯಾಲ್ಸಿಯಂ ಅನ್ನು ಇಫ್ತಾರಿನ ಊಟದ ಜೊತೆಗೂ, ಥೈರಾಕ್ಸಿನ್ ಅನ್ನು ಸಹರಿಗೆ ಎದ್ದ ಕೂಡಲೇ, ತಿನ್ನುವುದಕ್ಕೆ ಅರ್ಧ ಗಂಟೆಯಾದರೂ ಮೊದಲು ಇಟ್ಟುಕೊಂಡರೆ ಈ ಅಂತರ ಸಿಗುತ್ತದೆ.

ಆದರೆ ಇಲ್ಲಿ ಹಲವರು ಎಡವುವ ಇನ್ನೊಂದು ಮೆಟ್ಟಿಲಿದೆ. ಅಂತರ ಸರಿಯಾದ ದಿನದಿಂದ ಔಷಧ ಪೂರ್ತಿ ದೇಹಕ್ಕೆ ಸೇರತೊಡಗುತ್ತದೆ. ಡೋಸ್ ಮಾತ್ರ ಏರಿದ 100ರಲ್ಲೇ ಇದೆ. ಈಗ ಅದು ಹೆಚ್ಚಾಗಬಹುದು. ಎದೆಬಡಿತ, ಕೈನಡುಕ, ನಿದ್ದೆಗೇಡು ಅದರ ಗುರುತು. ವಯಸ್ಸಾದವರಲ್ಲಿ ಹೃದಯದ ಬಡಿತ ತಾಳ ತಪ್ಪಬಹುದು, ಮೂಳೆಯೂ ಸವೆಯುತ್ತದೆ. ಮೂಳೆಗೆಂದು ತಂದ ಮಾತ್ರೆಯಿಂದಲೇ ಮೂಳೆಗೆ ನಷ್ಟವಾಗುವ ದಾರಿ ಇದು. ಆದ್ದರಿಂದ ಸಮಯ ಬದಲಿಸಿದ ವಿಷಯವನ್ನು ಅದೇ ವಾರ ವೈದ್ಯರಿಗೆ ತಿಳಿಸಬೇಕು. ಡೋಸನ್ನು ಅವರೇ ತೀರ್ಮಾನಿಸುತ್ತಾರೆ, 6ರಿಂದ 8 ವಾರದ ಬಳಿಕ ಟಿ.ಎಸ್.ಎಚ್. ಮತ್ತೆ ನೋಡುತ್ತಾರೆ.

ಚೀಲದಲ್ಲಿ ಉಳಿದದ್ದು

ಅದೇ ತಾಯಿಯ ಚೀಲದಲ್ಲಿ ಇನ್ನೂ ನಾಲ್ಕು ವಸ್ತುಗಳಿದ್ದವು.

ಮೊದಲನೆಯದು ಕರಿಜೀರಿಗೆ ಎಣ್ಣೆ, ದಿನಕ್ಕೆ ಒಂದು ಚಮಚ. ಹದೀಸಿನಲ್ಲಿ ಹೆಸರಿರುವ ಕರಿಜೀರಿಗೆಗೆ ನಮ್ಮ ಮನೆಗಳಲ್ಲಿ ಗೌರವದ ಸ್ಥಾನವಿದೆ. ಅದನ್ನು ಬಿಡಿ ಎಂದು ಫಾರ್ಮಸಿಸ್ಟ್ ಹೇಳಲಿಲ್ಲ. ಅದಕ್ಕೆ ರಕ್ತದ ಸಕ್ಕರೆಯನ್ನು ಸ್ವಲ್ಪ ಇಳಿಸುವ ಗುಣವಿದೆ, ಗ್ಲಿಮೆಪಿರೈಡ್ ಕೂಡ ಸಕ್ಕರೆ ಇಳಿಸುತ್ತದೆ, ಎರಡೂ ಸೇರಿದರೆ ಲೆಕ್ಕ ತಪ್ಪಬಹುದು ಎಂದರು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಹಸಿವು ಬರುತ್ತದೆ. ಹಿರಿಯರಲ್ಲಿ ಕೆಲವೊಮ್ಮೆ ಅವೇನೂ ಇಲ್ಲದೆ ಬರೀ ಗೊಂದಲದ ಮಾತು ಅಥವಾ ತಲೆ ತಿರುಗಿ ಬೀಳುವುದು ಮಾತ್ರ ಕಾಣುತ್ತದೆ. ಅಡುಗೆಗೆ ಹಾಕುವ ಚಿಟಿಕೆ ಕಾಳಿನ ವಿಷಯ ಬೇರೆ, ದಿನವೂ ಚಮಚದಲ್ಲಿ ಕುಡಿಯುವ ಎಣ್ಣೆಯ ವಿಷಯ ಬೇರೆ. ಕುಡಿಯುವುದಾದರೆ ವೈದ್ಯರಿಗೆ ತಿಳಿದಿರಬೇಕು, ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡುತ್ತಿರಬೇಕು.

ಎರಡನೆಯದು ಅರಿಶಿನದ ಸತ್ವದ ಕ್ಯಾಪ್ಸೂಲ್. ಸಾರಿನ ಅರಿಶಿನದಿಂದ ತೊಂದರೆಯಿಲ್ಲ. ಕ್ಯಾಪ್ಸೂಲಿನಲ್ಲಿ ಅದರ ಸತ್ವ ಬಹಳ ಗಟ್ಟಿಯಾಗಿರುತ್ತದೆ, ಅದು ಬೇಗ ಹೀರಲಿ ಎಂದು ಕಾಳುಮೆಣಸಿನ ಸತ್ವವನ್ನೂ ಸೇರಿಸಿರುತ್ತಾರೆ. ಆಸ್ಪಿರಿನ್ ತೆಗೆದುಕೊಳ್ಳುವವರ ರಕ್ತ ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಇದೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಹಲ್ಲುಜ್ಜುವಾಗ ರಕ್ತ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೆದರಿ ಆಸ್ಪಿರಿನ್ನನ್ನು ತಾವಾಗಿಯೇ ನಿಲ್ಲಿಸಬಾರದು, ಅದರಿಂದ ಹೃದಯಾಘಾತದ ಭಯವಿದೆ.

ಮೂರನೆಯದು ಬಿ.ಪಿ. ಇರುವವರಿಗೆ ಒಳ್ಳೆಯದೆಂದು ಮಗ ತಂದ ‘ಲೋ ಸೋಡಿಯಂ’ ಉಪ್ಪು. ಅಂಥ ಉಪ್ಪಿನಲ್ಲಿ ಸೋಡಿಯಂನ ಒಂದು ಭಾಗ ತೆಗೆದು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಹಲವರಿಗೆ ಅದು ಒಳ್ಳೆಯದೇ. ಆದರೆ ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತವೆ. ವಯಸ್ಸಿನಿಂದಲೋ ಸಕ್ಕರೆ ಕಾಯಿಲೆಯಿಂದಲೋ ಮೂತ್ರಪಿಂಡ ದುರ್ಬಲವಾಗಿದ್ದರೆ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಹೆಚ್ಚಿನ ಸಲ ಮೊದಲೇ ಯಾವ ಗುರುತೂ ಕಾಣುವುದಿಲ್ಲ, ರಕ್ತ ಪರೀಕ್ಷೆಯಲ್ಲೇ ತಿಳಿಯಬೇಕು. ಫಾರ್ಮಸಿಸ್ಟ್ ಕೂಡಲೇ ಬದಲಾಯಿಸಲು ಹೇಳಿದ್ದು ಈ ಉಪ್ಪನ್ನು. ಸಾಧಾರಣ ಉಪ್ಪನ್ನೇ ಕಡಿಮೆ ಹಾಕಿ, ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಬಗ್ಗೆ ವೈದ್ಯರನ್ನು ಕೇಳಿ ಎಂದರು.

ನಾಲ್ಕನೆಯದು ವಾರಕ್ಕೊಮ್ಮೆ ಹಾಲಿನಲ್ಲಿ ಬೆರೆಸಿ ಕುಡಿಯುವ 60,000 ಯೂನಿಟ್‌ನ ವಿಟಮಿನ್ ಡಿ ಪುಡಿ. ವೈದ್ಯರು ಬರೆದದ್ದು 8 ವಾರಕ್ಕೆ, ಚೀಟಿ ಎರಡು ವರ್ಷ ಹಳೆಯದು, ಪುಡಿ ಮಾತ್ರ ಈಗಲೂ ನಡೆಯುತ್ತಿದೆ. ಕ್ಯಾಲ್ಸಿಯಂ ಮಾತ್ರೆಯಲ್ಲೂ ವಿಟಮಿನ್ ಡಿ ಇತ್ತು. ಇದು ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮಲಬದ್ಧತೆ, ವಾಕರಿಕೆ, ಬಾಯಾರಿಕೆ, ಮಂಕು ಬರುತ್ತದೆ. ಮನೆಯವರು ಅದನ್ನು ವಯಸ್ಸಿನ ತೊಂದರೆ ಎಂದುಕೊಳ್ಳುತ್ತಾರೆ.

ಹಾಗೆಂದು ಸಪ್ಲಿಮೆಂಟುಗಳೆಲ್ಲ ಬೇಡವೆಂದಲ್ಲ. ಹಲವು ವರ್ಷ ಮೆಟ್ಫಾರ್ಮಿನ್ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಪಾದ ಜುಮುಗುಡುವುದಕ್ಕೆ ಅದೂ ಒಂದು ಕಾರಣ. ಈ ತಾಯಿಗೆ ಬಿ12 ಪರೀಕ್ಷೆ ಮಾಡಿಸಲು ಫಾರ್ಮಸಿಸ್ಟ್ ಸೂಚಿಸಿದರು. ಯಾವುದು ಬೇಕು, ಯಾವುದು ಬೇಡ, ಯಾವುದು ಯಾವ ಹೊತ್ತಿಗೆ ಎಂದು ಬೇರ್ಪಡಿಸುವುದೇ ಈ ಭೇಟಿಯ ಕೆಲಸ.

ಯಾರನ್ನು ಕೇಳಬೇಕು?

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತವರೆಲ್ಲ ಫಾರ್ಮಸಿಸ್ಟರಲ್ಲ. ‘ನೋಂದಾಯಿತ ಫಾರ್ಮಸಿಸ್ಟ್ ಯಾರು?’ ಎಂದು ಕೇಳಿ. ಕೇಳುವುದು ತಪ್ಪಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ಔಷಧದ ಬಗ್ಗೆ ರೋಗಿಗೆ ತಿಳಿಹೇಳುವುದು ಅವರ ಕೆಲಸದ ಭಾಗ. ಗಿರಾಕಿಗಳು ಕಡಿಮೆಯಿರುವ ಹೊತ್ತಿನಲ್ಲಿ ಹೋಗಿ. ಅಲ್ಲಿ ಸಮಯ ಸಿಗದಿದ್ದರೆ, ದೊಡ್ಡ ಆಸ್ಪತ್ರೆಗಳಲ್ಲಿ ಮತ್ತು ಫಾರ್ಮಸಿ ಕಾಲೇಜು ಇರುವ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಇದ್ದಾರೆಯೇ ಎಂದು ವಿಚಾರಿಸಿ. ಫಾರ್ಮಸಿಸ್ಟರಿಗೆ ಒಂದು ಮಿತಿಯಿದೆ. ವೈದ್ಯರು ಬರೆದ ಔಷಧದ ಡೋಸ್ ಬದಲಿಸುವುದು, ನಿಲ್ಲಿಸುವುದು ವೈದ್ಯರ ಕೆಲಸ. ಫಾರ್ಮಸಿಸ್ಟ್ ಹೇಳಿದ್ದನ್ನು ಬರೆಸಿಕೊಂಡು ವೈದ್ಯರಿಗೆ ತೋರಿಸಬೇಕು.

ಹೋಗುವ ಮುನ್ನ, ಹೋದಾಗ, ಬಂದ ಮೇಲೆ

1. ಡಬ್ಬಿ, ಕಪಾಟು, ಫ್ರಿಜ್, ಅಡುಗೆಮನೆ ನಾಲ್ಕೂ ಕಡೆ ಹುಡುಕಿ. ಮಾತ್ರೆ, ಪುಡಿ, ಎಣ್ಣೆ, ಕಷಾಯ, ಯುನಾನಿ ಅಥವಾ ಆಯುರ್ವೇದ ಲೇಹ್ಯ, ವಿಶೇಷ ಉಪ್ಪು, ಎಲ್ಲವನ್ನೂ ಬಾಟಲಿ ಸಹಿತ ಒಂದೇ ಚೀಲಕ್ಕೆ ಹಾಕಿ. ಹೆಸರು ಬರೆದುಕೊಂಡು ಹೋದರೆ ಸಾಲದು, ಒಳಗೆ ಏನು ಎಷ್ಟಿದೆ ಎಂಬುದು ಲೇಬಲಿನಲ್ಲೇ ಇರುತ್ತದೆ.

2. ಲೇಬಲಿನಲ್ಲಿ ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಎಂದೂ ಎಫ್.ಎಸ್.ಎಸ್.ಎ.ಐ. ಸಂಖ್ಯೆಯೂ ಇದ್ದರೆ ಅದನ್ನು ಆಹಾರದ ಕಾನೂನಿನಡಿ ಮಾರಲಾಗುತ್ತಿದೆ, ಔಷಧವಾಗಿ ಅಲ್ಲ. ಅಂಥವನ್ನು ಬೇರೆಯಾಗಿ ಇಟ್ಟು ತೋರಿಸಿ.

3. ಪ್ರತಿಯೊಂದರ ಮೇಲೆ ಚೀಟಿ ಅಂಟಿಸಿ: ಯಾರು ಹೇಳಿದ್ದು, ಯಾವಾಗಿನಿಂದ, ಎಷ್ಟು, ಯಾವ ಹೊತ್ತಿಗೆ, ಯಾವುದರ ಜೊತೆ. ಹಿರಿಯರು ನಿಜವಾಗಿ ಮಾಡುವುದನ್ನೇ ಬರೆಯಿರಿ.

4. ಇತ್ತೀಚಿನ ರಕ್ತ ಪರೀಕ್ಷೆಯ ವರದಿಗಳನ್ನು ಜೊತೆಗಿಡಿ. ಕ್ರಿಯಾಟಿನಿನ್ ವರದಿ ಮುಖ್ಯ.

5. ಪ್ರತಿಯೊಂದು ಸಪ್ಲಿಮೆಂಟ್ ಹಿಡಿದು ನಾಲ್ಕು ಪ್ರಶ್ನೆ ಕೇಳಿ. ಇದು ಯಾವುದಾದರೂ ಔಷಧ ಹೀರುವುದನ್ನು ತಡೆಯುತ್ತದೆಯೇ? ಯಾವುದಾದರೂ ಔಷಧದ ಕೆಲಸವನ್ನು ಹೆಚ್ಚಿಸುತ್ತದೆಯೇ, ತಗ್ಗಿಸುತ್ತದೆಯೇ? ಇದರಲ್ಲಿರುವುದು ಬೇರೊಂದರಲ್ಲೂ ಇದೆಯೇ? ಇದು ಇನ್ನೂ ಬೇಕೇ, ಎಂದಿನವರೆಗೆ?

6. ಕೂದಲು, ಉಗುರಿಗೆಂದು ಬಯೋಟಿನ್ ತೆಗೆದುಕೊಳ್ಳುವವರು ರಕ್ತ ಪರೀಕ್ಷೆಗೆ ಮುನ್ನ ಅದನ್ನು ಹೇಳಬೇಕು. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪು ತೋರಿಸಬಹುದು. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿ.

7. ಮನೆಗೆ ಬಂದ ಮೇಲೆ ಒಂದೇ ಹಾಳೆಯಲ್ಲಿ ದಿನದ ವೇಳಾಪಟ್ಟಿ ಬರೆಯಿರಿ. ಫಜ್ರ್, ನಾಷ್ಟಾ, ಮಧ್ಯಾಹ್ನದ ಊಟ, ರಾತ್ರಿ ಊಟ, ಮಲಗುವ ಹೊತ್ತು ಎಂದು ವಿಭಾಗಿಸಿದರೆ ಹಿರಿಯರಿಗೆ ನೆನಪಿಡಲು ಸುಲಭ. ಒಂದು ಪ್ರತಿ ಗೋಡೆಗೆ, ಒಂದು ವೈದ್ಯರಿಗೆ.

ಹೊಸ ಬಾಟಲಿ ಮನೆಗೆ ಬಂದಾಗ, ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದಾಗ, ರಮಝಾನಿಗೆ ಒಂದು ತಿಂಗಳಿರುವಾಗ ಇದೇ ಚೀಲ ಮತ್ತೆ ಫಾರ್ಮಸಿಸ್ಟರ ಮುಂದೆ ತೆರೆಯಲಿ. ದೂರದಲ್ಲಿರುವ ಮಕ್ಕಳು ಮುಂದಿನ ಬಾಟಲಿ ಖರೀದಿಸುವ ಮೊದಲು ಉಮ್ಮನ ಗೋಡೆಯ ಮೇಲಿನ ಆ ಹಾಳೆಯ ಫೋಟೋ ತರಿಸಿಕೊಂಡು ನೋಡಲಿ.